ಸ್ಪೀಡ್ ಚೆನ್ನಾಗಿದ್ದರೂ ವೆಬ್‌ಸೈಟ್ ತೆರೆಯಲು ತಡವೇಕೆ?

ಪ್ರಶ್ನೆ: ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬರುತ್ತೆ, ವಿಡಿಯೊ ಕೂಡ ನಿಲ್ಲದೆ ಓಡುತ್ತೆ. ಆದರೆ ಹೊಸ ಸೈಟ್ ತೆರೆದಾಗ ಕೆಲವು ಸೆಕೆಂಡ್ ಖಾಲಿ ಪುಟವೇ ಇರುತ್ತೆ. ಯಾಕೆ?

ಉತ್ತರ: ಹೆಚ್ಚಾಗಿ ನಿಮ್ಮ ಡಿಎನ್ಎಸ್ ರಿಸಾಲ್ವರ್ ನಿಧಾನವಾಗಿದೆ. ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ಸರ್ವರ್ ಅದು. ವಿಳಾಸ ಸಿಗುವ ತನಕ ಬ್ರೌಸರ್ ಏನನ್ನೂ ತರಿಸಲಾರದು. ಒಂದು ಸುದ್ದಿಪುಟದಲ್ಲಿ ಚಿತ್ರ, ಜಾಹೀರಾತು, ಫಾಂಟ್ ಎಲ್ಲ ಬೇರೆ ಬೇರೆ ಹೆಸರಿನ ಸರ್ವರ್‌ಗಳಿಂದ ಬರುವುದರಿಂದ ಕಾಯುವುದೂ ಹೆಚ್ಚುತ್ತದೆ. ಸಿಕ್ಕ ವಿಳಾಸ ಸ್ವಲ್ಪ ಹೊತ್ತು ನೆನಪಿನಲ್ಲಿ ಉಳಿಯುತ್ತದೆ. ಅದಕ್ಕೇ ಅದೇ ಸೈಟ್ ಎರಡನೇ ಸಲ ಥಟ್ಟನೆ ತೆರೆಯುತ್ತದೆ.

ಮ್ಯಾಕ್ ಅಥವಾ ಲಿನಕ್ಸ್ ಟರ್ಮಿನಲ್‌ನಲ್ಲಿ ಹೀಗೆ ನೋಡಿ:

```
dig kn.wikipedia.org
dig @1.1.1.1 kn.wikipedia.org
```

ಮೊದಲನೆಯದು ಈಗಿನ ರಿಸಾಲ್ವರ್, ಎರಡನೆಯದು ಕ್ಲೌಡ್‌ಫ್ಲೇರ್‌ನದು. ಕೊನೆಯಲ್ಲಿ ಬರುವ `Query time` ಹೋಲಿಸಿ. ಮೊದಲನೆಯದು 1800 `msec`, ಎರಡನೆಯದು 15 ಎಂದು ಬಂದರೆ ಕಳ್ಳ ಸಿಕ್ಕಿದ ಹಾಗೆಯೇ. ಒಂದೇ ಹೆಸರನ್ನು ಮತ್ತೆ ಮತ್ತೆ ಕೇಳಿದರೆ ನೆನಪಿನಿಂದಲೇ ಉತ್ತರ ಬಂದುಬಿಡುತ್ತದೆ, ಹಾಗಾಗಿ ನೀವು ಅಪರೂಪಕ್ಕೆ ನೋಡುವ ಮೂರ್ನಾಲ್ಕು ಸೈಟ್‌ಗಳ ಹೆಸರು ಹಾಕಿ ನೋಡಿ. ಕಾಯುವುದು ಪ್ರತಿ ಸಲವೂ ಸುಮಾರು 5 ಸೆಕೆಂಡ್ ಆಗಿದ್ದರೆ, ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲಿರುವ ಮೊದಲ ರಿಸಾಲ್ವರ್ ಉತ್ತರವನ್ನೇ ಕೊಡದೆ ಅದು ಅದೇ ಪಟ್ಟಿಯ ಎರಡನೆಯದಕ್ಕೆ ಹೋಗುತ್ತಿರಬಹುದು.

ಆಮೇಲೆ ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್ಎಸ್ ಜಾಗಕ್ಕೆ `1.1.1.1` ಅಥವಾ ಗೂಗಲ್‌ನ `8.8.8.8` ಹಾಕಿ ಒಂದು ದಿನ ಬಳಸಿ. ಆಂಡ್ರಾಯ್ಡ್‌ನಲ್ಲಾದರೆ `Private DNS`ಗೆ `one.one.one.one`. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಬೇಡ, ಒಳಗಿನ ಸೈಟ್‌ಗಳ ಹೆಸರು ಹೊರಗಿನ ರಿಸಾಲ್ವರ್‌ಗೆ ಗೊತ್ತಿರುವುದಿಲ್ಲ. ಬದಲಿಸಿದರೂ ತಡ ಹಾಗೇ ಇದ್ದರೆ ದೋಷ ಬಹುಶಃ ಡಿಎನ್ಎಸ್‌ನದಲ್ಲ, ಬೇರೆ ಕಡೆ ಹುಡುಕಿ.