ಯಶೋದಾ ಮೊದಲು, ಅಶೋಕ ಆಮೇಲೆ: ವರ್ಡ್‌ನಲ್ಲಿ ಅಕಾರಾದಿ ಕೆಟ್ಟದ್ದೆಲ್ಲಿ?

ಪ್ರಶ್ನೆ: ನಮ್ಮ ಕನ್ನಡ ಸಂಘದ 214 ಸದಸ್ಯರ ಪಟ್ಟಿ ವರ್ಡ್‌ನಲ್ಲಿ ಟೇಬಲ್ ಆಗಿ ಇದೆ. ಕ್ರಮಸಂಖ್ಯೆ, ಹೆಸರು, ಊರು, ಫೋನ್ ಎಂದು ನಾಲ್ಕು ಕಾಲಂ. ತಲೆಬರಹ ಎರಡು ಸಾಲು, ಮೇಲೆ ಕನ್ನಡ, ಕೆಳಗೆ ಮರಾಠಿ. ಹೆಸರನ್ನು ಅಕಾರಾದಿಯಾಗಿ ಜೋಡಿಸಲು ಸಾರ್ಟ್ ಒತ್ತಿದೆ. ಮರಾಠಿ ತಲೆಬರಹ ಪಟ್ಟಿಯೊಳಗೆ ಎಲ್ಲೋ ಹೋಗಿ ಕೂತಿತು, ಕ್ರಮಸಂಖ್ಯೆ 87, 12, 140 ಅಂತ ಚೆಲ್ಲಾಪಿಲ್ಲಿಯಾಯಿತು. ಹೆಸರಾದರೂ ಸರಿಯಾಯಿತೇ ಅಂದರೆ ಅದೂ ಇಲ್ಲ. ನಾಗೇಶ, ಬಾಲಕೃಷ್ಣ, ಯಶೋದಾ ಮೇಲೆ ಬಂದು ಅಶೋಕ ಕೆಳಗಿದ್ದಾನೆ. ಫೈಲ್ ಸೇವ್ ಮಾಡಿ ಮುಚ್ಚಿಬಿಟ್ಟಿದ್ದೇನೆ. ಏನು ಮಾಡಲಿ?
— ಕಾರ್ಯದರ್ಶಿ, ಡೊಂಬಿವಲಿ

ಉತ್ತರ: ಮೊದಲು ಹಳೆಯ ಪಟ್ಟಿಯನ್ನು ವಾಪಸು ತರೋಣ. ಫೈಲ್ ಮುಚ್ಚಿದ ಮೇಲೆ Ctrl+Z ಕೆಲಸಕ್ಕೆ ಬರುವುದಿಲ್ಲ, ನಿಜ. ಆದರೆ ಚೆಲ್ಲಾಪಿಲ್ಲಿಯಾಯಿತೆಂದು ನೀವು ದೂರುತ್ತಿರುವ ಆ ಕ್ರಮಸಂಖ್ಯೆಯೇ ಈಗ ನಿಮ್ಮ ಕೈ ಹಿಡಿಯುತ್ತದೆ. 87, 12, 140 ಎನ್ನುವ ಅಂಕಿಗಳು ತಮ್ಮ ತಮ್ಮ ಸದಸ್ಯರ ಜೊತೆಗೇ ಓಡಾಡಿವೆ. ಹಾಗಾಗಿ ಅದೇ ಕಾಲಮ್ಮಿನ ಮೇಲೆ ಇನ್ನೊಮ್ಮೆ ಸಾರ್ಟ್ ಮಾಡಿದರೆ ಪ್ರತಿಯೊಬ್ಬರೂ ಮೊದಲಿದ್ದ ಜಾಗಕ್ಕೆ ಬರುತ್ತಾರೆ. ದಾರಿ ತಪ್ಪಿದ ಮರಾಠಿ ತಲೆಬರಹದ ಸಾಲನ್ನು ಮೊದಲು ಕಟ್ ಮಾಡಿ, ಕನ್ನಡ ತಲೆಬರಹದ ಕೆಳಗೆ ಅಂಟಿಸಿ. ಆಮೇಲೆ ಮೊದಲನೇ ಸದಸ್ಯನ ಸಾಲಿನಲ್ಲಿ ಕರ್ಸರ್ ಇಟ್ಟು Ctrl+Shift+Enter ಒತ್ತಿ. ಟೇಬಲ್ ಅಲ್ಲಿಗೆ ಎರಡಾಗುತ್ತದೆ: ಮೇಲೆ ಎರಡು ತಲೆಬರಹದ ಸಾಲು, ಕೆಳಗೆ ಬರೀ ಸದಸ್ಯರು. ಕೆಳಗಿನ ಟೇಬಲ್ಲಿನಲ್ಲಿ ಕರ್ಸರ್ ಇಟ್ಟು, ಟೇಬಲ್‌ನ Layout ಟ್ಯಾಬಿನಲ್ಲಿರುವ Sort ಒತ್ತಿ. ಮೊದಲ ಕಾಲಂ ಆರಿಸಿ, Type ಎಂಬಲ್ಲಿ Number, ಕ್ರಮ Ascending, ಕೆಳಗೆ No header row. OK ಕೊಟ್ಟರೆ ಪಟ್ಟಿ ಹಳೆಯ ಕ್ರಮಕ್ಕೆ ಮರಳುತ್ತದೆ.

ಇಲ್ಲಿ Type ಎನ್ನುವುದನ್ನು ಕಣ್ಣಿಟ್ಟು ನೋಡಿ. ಅದು Text ಆಗಿದ್ದರೆ ವರ್ಡ್ ಅಂಕಿಯನ್ನೂ ಅಕ್ಷರದಂತೆಯೇ ಎಡದಿಂದ ಒಂದೊಂದಾಗಿ ಹೋಲಿಸುತ್ತದೆ. 1 ಆದ ಮೇಲೆ 10, ಆಮೇಲೆ 100, 101 ಎಲ್ಲ ಮುಗಿದು, 2 ಬರುವುದು ಎಷ್ಟೋ ಸಾಲು ಕೆಳಗೆ. ಹೀಗೆ ಕಂಡರೆ ಬೇರೇನೂ ಹುಡುಕಬೇಡಿ, ತಪ್ಪಿರುವುದು ಅಲ್ಲೇ.

ಇನ್ನು ತಲೆಬರಹ. ಸಾರ್ಟ್ ಕಿಟಕಿಯ ಕೆಳತುದಿಯಲ್ಲಿ My list has ಎಂದು ಎರಡು ಗುಂಡಿಗಳಿವೆ. Header row ಒತ್ತಿದರೆ ವರ್ಡ್ ಮೇಲಿನ ಒಂದೇ ಒಂದು ಸಾಲನ್ನು ಮುಟ್ಟದೆ ಬಿಡುತ್ತದೆ. ನಿಮ್ಮ ಕನ್ನಡ ಸಾಲು ಉಳಿದು ಮರಾಠಿ ಸಾಲು ಅಲೆಯಲು ಹೋದದ್ದು ಅದಕ್ಕೇ. ಎರಡನೆಯ ಸಾಲು ಅದರ ಲೆಕ್ಕದಲ್ಲಿ 215ನೆಯ ಸದಸ್ಯ. ತಲೆಬರಹವನ್ನು ಅದು ಗುರುತಿಸಿದೆಯೋ ಇಲ್ಲವೋ ಎಂದು OK ಒತ್ತುವ ಮೊದಲೇ ತಿಳಿಯಬಹುದು. Sort by ಎಂಬ ಪಟ್ಟಿಯನ್ನು ಬಿಚ್ಚಿದಾಗ ನಿಮ್ಮದೇ ತಲೆಬರಹದ ಪದಗಳು ಕಂಡರೆ ಗುರುತಿಸಿದೆ, Column 1, Column 2 ಎಂದಿದ್ದರೆ ಇಲ್ಲ. ಒಂದೇ ಸಾಲಿನ ತಲೆಬರಹಕ್ಕೆ Header row ಸಾಕು. ಎರಡು ಸಾಲಿದ್ದರೆ, ಅಥವಾ ತಲೆಬರಹದಲ್ಲಿ ಮನೆಗಳನ್ನು ಕೂಡಿಸಿದ್ದರೆ, ಟೇಬಲ್ ಸೀಳುವ ಮೇಲಿನ ಉಪಾಯವೇ ನೆಮ್ಮದಿ. ಕೊನೆಯಲ್ಲಿ ‘ಒಟ್ಟು’ ಎಂಬ ಸಾಲಿದ್ದರೆ ಅದನ್ನೂ ಹೀಗೇ ಸೀಳಿ ಬೇರೆ ಇಡಿ.

ಹೆಸರಿನ ಗೋಜಲಿನ ಮೂಲವೇ ಬೇರೆ, ಇದರಲ್ಲಿ ವರ್ಡ್‌ನ ತಪ್ಪೂ ಇಲ್ಲ, ನಿಮ್ಮದೂ ಇಲ್ಲ. ಅಶೋಕನಿಗಿಂತ ಯಶೋದಾ ಮೇಲೆ ಎಂದು ನೀವು ಬರೆದದ್ದನ್ನು ಓದಿದ ಕೂಡಲೇ ನನಗೆ ಅನುಮಾನ ಬಂತು: ಈ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿದೆ. ಪರೀಕ್ಷೆ ಸುಲಭ. ಒಂದು ಹೆಸರನ್ನು ಆರಿಸಿ ಫಾಂಟ್ ಅನ್ನು ಏರಿಯಲ್‌ಗೆ ಬದಲಿಸಿ ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಈ ಕೆಳಗಿನಂತೆ ವಿಚಿತ್ರವಾಗಿ ಕಂಡರೆ ಹಳೆಯ ಎನ್‌ಕೋಡಿಂಗ್:

```
C±ÉÆÃPÀ
AiÀÄ±ÉÆÃzÁ
D£ÀAzÀ
```

ಇವು ಅಶೋಕ, ಯಶೋದಾ, ಆನಂದ. ಆ ಕಾಲದ ಫಾಂಟುಗಳಲ್ಲಿ ಕನ್ನಡವೆಂದರೆ ಬರೀ ವೇಷ, ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಸಾರ್ಟ್ ಮಾಡುವಾಗ ವರ್ಡ್ ವೇಷ ನೋಡುವುದಿಲ್ಲ, ಒಳಗಿನದನ್ನೇ ಓದುತ್ತದೆ. ‘ಅ’ ಅಂದರೆ ಅಲ್ಲಿ C. ‘ಯ’ ಶುರುವಾಗುವುದು A ಇಂದ. ಹಾಗಾಗಿ ಯಶೋದಾ, ಯಮುನಾ, ಯೋಗೀಶ ಎಲ್ಲರೂ ಅಶೋಕನ ತಲೆಯ ಮೇಲೆ. ‘ನ’ಕ್ಕೆ ಪೌಂಡ್ ಚಿಹ್ನೆ, ‘ಪ’ಕ್ಕೆ ಯೆನ್ ಚಿಹ್ನೆ, ‘ಬ’ಕ್ಕೆ ಇನ್ನೊಂದು ಚಿಹ್ನೆ, ವರ್ಡ್ ಚಿಹ್ನೆಗಳನ್ನು ಅಕ್ಷರಗಳಿಗಿಂತ ಮೊದಲು ಇಡುವುದರಿಂದ ನಾಗೇಶ, ಬಾಲಕೃಷ್ಣ ಎಲ್ಲರಿಗಿಂತ ಮುಂದೆ ನಿಂತರು. ಇನ್ನೊಂದು ತಮಾಷೆ ನಿಮ್ಮ ಪಟ್ಟಿಯಲ್ಲೇ ಇರಬೇಕು, ಹುಡುಕಿ: ‘ಆ’ ಎಂದರೆ ದೊಡ್ಡ D, ‘ಜ’ ಎಂದರೆ ಸಣ್ಣ d. ಸಾರ್ಟ್ ಮಾಡುವಾಗ ವರ್ಡ್ ದೊಡ್ಡದು ಸಣ್ಣದೆಂಬ ಭೇದ ಮಾಡದ ಕಾರಣ ಆನಂದ, ಆಶಾ ಇವರ ನಡುನಡುವೆ ಜಯಂತಿ, ಜನಾರ್ದನ ತೂರಿಕೊಂಡಿರುತ್ತಾರೆ.

ಇದಕ್ಕೆ ಸಾರ್ಟ್ ಕಿಟಕಿಯಲ್ಲಿ ಏನನ್ನು ಬದಲಿಸಿದರೂ ಪ್ರಯೋಜನವಿಲ್ಲ, ಹೆಸರುಗಳನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಆದರೆ ಇಡೀ ಟೇಬಲ್ಲನ್ನು ಅದಕ್ಕೆ ಕೊಡಬೇಡಿ. ಎಲ್ಲಾದರೂ ನಿಜವಾದ ಇಂಗ್ಲಿಷ್ ಇದ್ದರೆ, ಇಮೇಲ್ ವಿಳಾಸವೋ ಕಟ್ಟಡದ ಹೆಸರೋ, ಅದನ್ನೂ ಹಳೆಯ ನುಡಿ ಎಂದೇ ತಿಳಿದು ಕನ್ನಡದ ಚಿತ್ರಾನ್ನ ಮಾಡಿಬಿಡುತ್ತದೆ. ಸದಸ್ಯರ ಟೇಬಲ್ಲಿನಿಂದ ಹೆಸರಿನ ಕಾಲಂ ಒಂದನ್ನೇ ನಕಲು ಮಾಡಿ ಪರಿವರ್ತಿಸಿ. ಬಂದ ಪಠ್ಯವನ್ನು ಹೊಸ ವರ್ಡ್ ಫೈಲಿನಲ್ಲಿ ಅಂಟಿಸಿ, ಅದನ್ನು ಆರಿಸಿಕೊಂಡು Insert, Table, Convert Text to Table ಮೂಲಕ ಒಂದೇ ಕಾಲಮ್ಮಿನ ಟೇಬಲ್ ಮಾಡಿ. ಅದರಲ್ಲಿ ಸರಿಯಾಗಿ 214 ಸಾಲು ಇವೆಯೇ ನೋಡಿ. ಒಂದು ಕಡಿಮೆಯಾದರೂ ಮುಂದಿನ ಹೆಸರುಗಳೆಲ್ಲ ಪಕ್ಕದವರ ಫೋನಿಗೆ ಜಾರುತ್ತವೆ. ಲೆಕ್ಕ ಸರಿಯಿದ್ದರೆ ಆ ಕಾಲಂ ನಕಲು ಮಾಡಿ, ಹಳೆಯ ಹೆಸರಿನ ಕಾಲಂ ಪೂರ್ತಿ ಆರಿಸಿ ಅದರ ಮೇಲೆ ಅಂಟಿಸಿ. ಊರಿನ ಕಾಲಮ್ಮಿಗೂ ಇದೇ ಶಾಸ್ತ್ರ. ಫಾಂಟ್ ನಿರ್ಮಲಾ ಅಥವಾ ತುಂಗಾ ಇಟ್ಟರೆ ಸಾಕು. ಕನ್ನಡ ಭಾಷೆ ಅಳವಡಿಸಿರುವ ಕಂಪ್ಯೂಟರಿನಲ್ಲಿ, ಸಾರ್ಟ್ ಕಿಟಕಿಯ Options ಒಳಗೆ Sorting language ಎಂಬಲ್ಲಿ ಕನ್ನಡವನ್ನೇ ಆರಿಸಿ.

ಹೆಸರಿನ ಹಿಂದೆ ‘ಶ್ರೀ’, ‘ಶ್ರೀಮತಿ’, ‘ಡಾ.’ ಸೇರಿಸಿದ್ದೀರೋ? ಸೇರಿಸಿದ್ದರೆ ಎಲ್ಲರೂ ಶಕಾರದಲ್ಲೇ ಗುಂಪುಗೂಡುತ್ತಾರೆ, ಡಾಕ್ಟರುಗಳು ಡಕಾರದಲ್ಲಿ. ಗೌರವಸೂಚಕಕ್ಕೆ ಪ್ರತ್ಯೇಕ ಸಣ್ಣ ಕಾಲಂ ಮಾಡುವುದೇ ಮೇಲು.

ಈಗ ಕ್ರಮಸಂಖ್ಯೆ. ಇದರಲ್ಲಿ ಒಂದು ಪ್ರಶ್ನೆಗೆ ನೀವೇ ಉತ್ತರ ಕೊಟ್ಟುಕೊಳ್ಳಬೇಕು: 87 ಎಂಬುದು ಆ ಸದಸ್ಯರ ರಸೀದಿ ಪುಸ್ತಕದಲ್ಲೂ ಇರುವ ಖಾಯಂ ಸದಸ್ಯತ್ವ ಸಂಖ್ಯೆಯೇ, ಅಥವಾ ಪಟ್ಟಿಯಲ್ಲಿ ಎಣಿಸಲು ಹಾಕಿದ ಅಂಕಿಯೇ? ಸದಸ್ಯತ್ವ ಸಂಖ್ಯೆಯಾದರೆ ಅದು ಮನುಷ್ಯನ ಜೊತೆಗೇ ಹೋಗಬೇಕು, ಚೆಲ್ಲಾಪಿಲ್ಲಿ ಕಂಡರೂ ಅದೇ ಸರಿ. ಬರೀ ಎಣಿಕೆಯಾದರೆ ಕೈಯಲ್ಲಿ ಟೈಪ್ ಮಾಡಲೇಬಾರದು. ಹೆಸರಿನ ಸಾರ್ಟ್ ಮುಗಿದ ಮೇಲೆ ಆ ಕಾಲಮ್ಮಿನ ಮನೆಗಳನ್ನು ಆರಿಸಿ Delete ಒತ್ತಿ ಅಂಕಿ ಅಳಿಸಿ. Backspace ಒತ್ತಬೇಡಿ, ಕಾಲಮ್ಮೇ ಹೋಗುತ್ತದೆ. ಖಾಲಿ ಮನೆಗಳು ಆರಿಸಿಕೊಂಡಿರುವಾಗಲೇ Home ಟ್ಯಾಬಿನ Numbering ಒತ್ತಿ. 1ರಿಂದ 214ರವರೆಗೆ ತಾನಾಗಿ ಬರುತ್ತದೆ. ಈ ಅಂಕಿ ಮನೆಯೊಳಗಿನ ಬರಹವಲ್ಲ, ಸಾಲು ಎಲ್ಲಿದೆಯೋ ಅದನ್ನು ನೋಡಿ ಮೂಡುವಂಥದ್ದು. ಮುಂದೆ ಎಷ್ಟು ಸಲ ಸಾರ್ಟ್ ಮಾಡಿದರೂ 1, 2, 3 ಅಲ್ಲೇ ನಿಲ್ಲುತ್ತದೆ, ಹೆಸರು ಮಾತ್ರ ಸರಿಯುತ್ತದೆ. ಆದರೆ ಹಳೆಯ ಕ್ರಮಕ್ಕೆ ಮರಳುವ ದಾರಿಯೂ ಅಲ್ಲಿಗೆ ಮುಚ್ಚಿತು, ಮೂಲ ಫೈಲಿನ ಒಂದು ಪ್ರತಿ ಬೇರೆ ಇಟ್ಟಿರಿ.

Options ಒಳಗೆ Sort column only ಎಂಬ ಒಂದು ಚೌಕವಿದೆ. ಒಂದೇ ಕಾಲಂ ಆರಿಸಿದ್ದಾಗ ಮಾತ್ರ ಅದು ಸಿಗುತ್ತದೆ, ಆ ಕಾಲಮ್ಮನ್ನಷ್ಟೇ ಜೋಡಿಸಿ ಉಳಿದ ಸಾಲನ್ನು ಇದ್ದಲ್ಲೇ ಬಿಡುತ್ತದೆ. ಟೈಪ್ ಮಾಡಿದ ಎಣಿಕೆಯನ್ನು ಮತ್ತೆ 1, 2, 3 ಮಾಡಲು ಇದು ಒಳ್ಳೆಯದೇ. ಹೆಸರಿನ ಕಾಲಮ್ಮಿಗೆ ಹಾಕಿದಿರೋ, ಕೆಟ್ಟಿತು. ಹಿಂದೆ ದಾದರಿನಲ್ಲಿ ಒಂದು ಸಂಘದ ಸ್ಮರಣ ಸಂಚಿಕೆಗೆ ನಾನು ಪಟ್ಟಿ ಜೋಡಿಸಿಕೊಟ್ಟಿದ್ದೆ. ಈ ಚೌಕ ಟಿಕ್ ಆಗಿದ್ದುದನ್ನು ನೋಡಿರಲಿಲ್ಲ. ಹೆಸರುಗಳು ಚಂದವಾಗಿ ಅಕಾರಾದಿಯಲ್ಲಿ, ಫೋನ್ ನಂಬರುಗಳು ಹಳೆಯ ಜಾಗದಲ್ಲಿ. ಅಚ್ಚಾಗಿ ಕೈಗೆ ಬಂದ ಮೇಲೆ ಒಬ್ಬರು ಶೆಟ್ಟರು ಫೋನ್ ಮಾಡಿ, “ನನಗೆ ಬೆಳಗಿನಿಂದ ಎಲ್ಲ ಪೂಜಾರಿಯವರೇ ಅಂತ ಕರೀತಿದ್ದಾರೆ ಮಾರಾಯ್ರೆ” ಅಂದರು. ಅಂದಿನಿಂದ ಸಾರ್ಟ್ ಆದ ಮೇಲೆ ನನಗೆ ಗೊತ್ತಿರುವ ಮೂವರ ಫೋನ್ ಹೊಂದಿಸಿ ನೋಡದೆ ನಾನು ಸೇವ್ ಒತ್ತುವುದಿಲ್ಲ.

ಟೇಬಲ್ ಇಲ್ಲದೆ ಬರೀ ಸಾಲುಗಳಾಗಿ ಬರೆದ ದಾನಿಗಳ ಪಟ್ಟಿಯಂಥದ್ದಿದ್ದರೆ Home ಟ್ಯಾಬಿನ A-Z ಗುಂಡಿ ಸಾಕು. ಅಲ್ಲೂ ಅಂಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ: ಎಲ್ಲ ಅಂಕಿಗಳೂ ಒಟ್ಟಿಗೆ ಬೂದು ಬಣ್ಣಕ್ಕೆ ತಿರುಗಿದರೆ ತಾನಾಗಿ ಮೂಡಿದ ಅಂಕಿ, ಧೈರ್ಯವಾಗಿ ಸಾರ್ಟ್ ಮಾಡಿ. ಕರ್ಸರ್ ಅಂಕಿಯೊಳಗೆ ಹೊಕ್ಕರೆ ಟೈಪ್ ಮಾಡಿದ್ದು. ಅದನ್ನು ಮೊದಲು ಅಳಿಸಿ, ಇಲ್ಲದಿದ್ದರೆ ಹೆಸರಿನ ಬದಲು ಅಂಕಿಯೇ ಸಾರ್ಟ್ ಆಗುತ್ತದೆ. ಒಬ್ಬ ದಾನಿಯ ಹೆಸರಿನ ಕೆಳಗೆ ವಿಳಾಸವನ್ನು Enter ಹೊಡೆದು ಬರೆದಿದ್ದರೆ ವರ್ಡ್ ಪ್ರತಿ ಸಾಲನ್ನೂ ಬೇರೆ ಪ್ಯಾರಾ ಎಂದು ತಿಳಿದು ಹೆಸರು ವಿಳಾಸಗಳನ್ನು ಅಗಲಿಸುತ್ತದೆ. ಅಲ್ಲಿ Shift+Enter ಬಳಸಬೇಕು.

ನಿಮ್ಮ ಪಟ್ಟಿಗೆ ಒಂದು ಸಲಹೆ. ಕಾರ್ಯಕ್ರಮದ ಕರೆಯೋಲೆ ಹಂಚುವವರಿಗೆ ಅಕಾರಾದಿಗಿಂತ ಊರುವಾರು ಪಟ್ಟಿ ಅನುಕೂಲ. Sort by ಎಂಬಲ್ಲಿ ಊರಿನ ಕಾಲಂ, ಅದರ ಕೆಳಗಿನ Then by ಎಂಬಲ್ಲಿ ಹೆಸರಿನ ಕಾಲಂ ಕೊಡಿ. ಕಲ್ಯಾಣದವರೆಲ್ಲ ಒಂದೆಡೆ, ಡೊಂಬಿವಲಿಯವರು ಒಂದೆಡೆ, ಒಳಗೆ ಹೆಸರು ಅಕಾರಾದಿಯಲ್ಲಿ. ‘ಡೊಂಬಿವಲಿ’ ಎಂದೂ ‘ಡೊಂಬಿವ್ಲಿ’ ಎಂದೂ ಎರಡು ಬಗೆ ಬರೆದಿದ್ದರೆ ಅವರು ಎರಡು ಗುಂಪಾಗುತ್ತಾರೆ, ಮೊದಲೇ ಒಂದು ಮಾಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಎರಡು ಟೇಬಲ್ಲುಗಳ ನಡುವಿನ ಖಾಲಿ ಸಾಲನ್ನು ಅಳಿಸಿದರೆ ತಲೆಬರಹ ಮತ್ತೆ ಕೂಡಿಕೊಳ್ಳುತ್ತದೆ. ಆಗ ಆ ಎರಡೂ ಸಾಲು ಆರಿಸಿ Layout ಟ್ಯಾಬಿನಲ್ಲಿ Repeat Header Rows ಒತ್ತಿ, ಕನ್ನಡ ಮರಾಠಿ ಎರಡೂ ಪ್ರತಿ ಪುಟದ ನೆತ್ತಿಯಲ್ಲಿ ಬರುತ್ತವೆ.