ಹೈಡ್ರೋಜನ್ ಶಕ್ತಿಯಲ್ಲಿ l ಮಾಯವಾಗಿಲ್ಲ, n ಒಳಗೇ ಇದೆ

ಪ್ರಶ್ನೆ: ಹೈಡ್ರೋಜನ್‌ನ ತ್ರಿಜ್ಯೀಯ ಸಮೀಕರಣದಲ್ಲಿ l(l+1) ಕಣ್ಣೆದುರೇ ಇದೆ. ಶಕ್ತಿಯ ಸೂತ್ರದಲ್ಲಿ ಮಾತ್ರ n ಒಂದೇ ಉಳಿಯುತ್ತದೆ. l ಎಲ್ಲಿ ಮಾಯವಾಯಿತು, n ಎಲ್ಲಿಂದ ಬಂತು? l < n ಎಂಬ ನಿಯಮವನ್ನು ಬಾಯಿಪಾಠ ಮಾಡಿಕೊಳ್ಳಬೇಕೇ?

ಎಂ.ಎಸ್ಸಿ. ಓದುವಾಗ ಇದೇ ಗೊಂದಲ ನನ್ನ ಎರಡು ವಾರಗಳನ್ನು ನುಂಗಿತು. ಈ ಸಮೀಕರಣವನ್ನು ಬಿಡಿಸಲು ಒಂದು ಪ್ರೋಗ್ರಾಂ ಬರೆದಿದ್ದೆ. l ಎಷ್ಟೆಂದು ಹೇಳಿದರೆ ಅದು ಒಂದೊಂದೇ ಶಕ್ತಿಯನ್ನು ಊಹಿಸಿ, ನ್ಯೂಕ್ಲಿಯಸ್‌ನಿಂದ ಹೊರಕ್ಕೆ u(r) = rR(r) ರೇಖೆಯನ್ನು ಎಳೆಯುತ್ತಾ ಹೋಗುತ್ತಿತ್ತು. ಬಹುದೂರದಲ್ಲಿ ರೇಖೆ ಸೊನ್ನೆಗೆ ಇಳಿದರೆ ಆ ಶಕ್ತಿ ಸರಿ, ಸಿಡಿದು ಮೇಲಕ್ಕೋ ಕೆಳಕ್ಕೋ ಹೋದರೆ ತಪ್ಪು.

l = 0 ಕೊಟ್ಟಾಗ -13.6, -3.40, -1.51 eV ಬಂದವು. l = 1 ಕೊಟ್ಟಾಗ ಮೊದಲ ಉತ್ತರವೇ -3.40, ಆಮೇಲೆ -1.51. ನಾನು ಎರಡೂ ಪಟ್ಟಿಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಹಾಕಿ ಅದನ್ನೇ n ಎಂದು ಕರೆದೆ. ನನ್ನ ತಪ್ಪು ಇದೊಂದೇ. ಈ ಲೆಕ್ಕದಲ್ಲಿ l = 1ರ ಮೊದಲ ಉತ್ತರ -13.6 ಆಗಬೇಕಿತ್ತಲ್ಲ! ಮೇಲಾಗಿ l = 1ರ ಪಟ್ಟಿಯಲ್ಲಿ l = 0ರ ಸಂಖ್ಯೆಗಳೇ ಮರಳಿ ಬಂದಿದ್ದವು. ಪ್ರೋಗ್ರಾಂ l ಅನ್ನು ಓದುತ್ತಲೇ ಇಲ್ಲ ಎಂದು ತೀರ್ಮಾನಿಸಿ, ಸರಿಯಾಗಿದ್ದ ಪ್ರೋಗ್ರಾಂ ಅನ್ನು ಮೂರು ಸಲ ಹೊಸದಾಗಿ ಬರೆದೆ. ರೇಖೆಗಳನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. -3.40ರಲ್ಲಿ l = 0ರ ರೇಖೆ ಎರಡು ಬೋರ್ ತ್ರಿಜ್ಯದಷ್ಟು ದೂರದಲ್ಲಿ ಸೊನ್ನೆಯನ್ನು ದಾಟುತ್ತದೆ; l = 1ರ ರೇಖೆ ಎಲ್ಲೂ ದಾಟುವುದಿಲ್ಲ. ಆಕಾರ ಬೇರೆ, ಶಕ್ತಿ ಒಂದೇ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುತ್ತೇನೆ. ಸಮೀಕರಣದಲ್ಲಿ n ಇಲ್ಲವೇ ಇಲ್ಲ. ಅಲ್ಲಿರುವುದು l, ಮತ್ತು ಬಿಡಿಸಿದಾಗ ಹುಟ್ಟುವ ಇನ್ನೊಂದು ಎಣಿಕೆ: ರೇಖೆ ಎಷ್ಟು ಸಲ ಸೊನ್ನೆಯನ್ನು ದಾಟುತ್ತದೆ ಎಂಬುದು. ಅದನ್ನು k ಎನ್ನೋಣ.

ನ್ಯೂಕ್ಲಿಯಸ್ ಬಳಿ u ನಡೆಯುವುದು r^(l+1) ಹಾಗೆ, ದೂರದಲ್ಲಿ e^(-κr) ಹಾಗೆ. ಇಲ್ಲಿ E = -ħ²κ²/2m. ಈ ಎರಡನ್ನೂ ಹೊರತೆಗೆದು, ಉಳಿದದ್ದನ್ನು ρ = κr ಎಂಬುದರ ಘಾತ ಸರಣಿಯಾಗಿ ಬರೆದರೆ ಗುಣಾಂಕಗಳಿಗೆ ಈ ಸಂಬಂಧ ಸಿಗುತ್ತದೆ:

c(j+1) = c(j) · [2(j + l + 1) − ρ₀] / [(j + 1)(j + 2l + 2)],  ρ₀ = 2/(κa₀)

ಸರಣಿ ಕೊನೆಯಿಲ್ಲದೆ ಸಾಗಿದರೆ ಅದು e^(2ρ) ಹಾಗೆ ಬೆಳೆದು, ಹೊರತೆಗೆದಿಟ್ಟ e^(-ρ) ಅನ್ನು ಸೋಲಿಸುತ್ತದೆ. ನನ್ನ ಪರದೆಯ ಮೇಲೆ ಸಿಡಿಯುತ್ತಿದ್ದ ರೇಖೆಗಳು ಅವೇ. ಆದ್ದರಿಂದ ಯಾವುದೋ ಒಂದು j = k ಬಳಿ ಮೇಲಿನ ಅಂಶ ಸೊನ್ನೆಯಾಗಿ ಸರಣಿ ನಿಲ್ಲಲೇಬೇಕು. ಆಗ ρ₀ = 2(k + l + 1). ಆವರಣದೊಳಗಿನ ಈ ಮೊತ್ತಕ್ಕೆ n ಎಂದು ಹೆಸರಿಟ್ಟರೆ κ = 1/(na₀), ಶಕ್ತಿ -13.6/n² eV.

ಈಗ ಆ ಭಿನ್ನರಾಶಿಯನ್ನು ನಿಧಾನವಾಗಿ ನೋಡಿ. ಮೇಲೆ j ಮತ್ತು l ಕೂಡಿಕೊಂಡೇ ಬರುತ್ತವೆ, ಹಾಗಾಗಿ ಸರಣಿಯನ್ನು ನಿಲ್ಲಿಸುವ ಶಕ್ತಿಗೆ ಮೊತ್ತವಷ್ಟೇ ಗೊತ್ತು. ಛೇದದಲ್ಲಿ 2l ಬೇರೆಯಾಗಿ ಉಳಿದು ರೇಖೆಯ ಆಕಾರವನ್ನು ನಿರ್ಧರಿಸುತ್ತದೆ. k = 1, l = 0 ಮತ್ತು k = 0, l = 1 ಎರಡಕ್ಕೂ n = 2. k ಸೊನ್ನೆಗಿಂತ ಕಡಿಮೆಯಾಗದು, ಹಾಗಾಗಿ l ಎಂದೂ n − 1 ಅನ್ನು ಮೀರದು. ಇದರಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಇಲ್ಲ. ಲೆಕ್ಕವನ್ನು n ಇಂದ ಶುರು ಮಾಡಬೇಡಿ. (k, l) ಜೋಡಿಗಳ ಪಟ್ಟಿ ಬರೆದು, ಕೊನೆಗೆ ಕೂಡಿಸಿ.

ಒಂದೊಂದು l ಒಳಗೆ 2l + 1 ಸ್ಥಿತಿಗಳು ಒಂದೇ ಶಕ್ತಿಯಲ್ಲಿರುವುದು ಬೇರೆ ವಿಷಯ. ಅದು ಯಾವುದೇ ಗೋಳೀಯ ವಿಭವದಲ್ಲೂ ಇರುತ್ತದೆ. k ಮತ್ತು l ಸರಿಸಮವಾಗಿ ಕೂಡಿಕೊಳ್ಳುವುದು ಮಾತ್ರ ಶುದ್ಧ 1/r ಆಕರ್ಷಣೆಯ ಕೊಡುಗೆ. ನನಗೆ ಇದು ಮನದಟ್ಟಾದದ್ದು ಆ ಆಕರ್ಷಣೆಯನ್ನು ಬೇಕೆಂದೇ ಕೆಡಿಸಿದಾಗ. ವಿಭವಕ್ಕೆ (ħ²/2m)(0.1/r²) ಸೇರಿಸಿದೆ. ಆಗ l(l+1) ಇದ್ದಲ್ಲಿ l(l+1) + 0.1 ಬರುತ್ತದೆ, ಅಂದರೆ 0 ಇದ್ದ l ಸುಮಾರು 0.092 ಆಗುತ್ತದೆ, 1 ಇದ್ದದ್ದು 1.033. ಹೆಚ್ಚಳ ಒಂದೇ ಅಲ್ಲ. ಮೊತ್ತಗಳು 2.092 ಮತ್ತು 2.033, ಶಕ್ತಿಗಳು -3.11 ಮತ್ತು -3.29 eV. ನಾನು ದೋಷವೆಂದು ತಿಳಿದಿದ್ದ ಆ ಸಮಾನತೆ ಅಲ್ಲಿಗೆ ಮುರಿದುಬಿತ್ತು.

ಸೋಡಿಯಂ ಪರಮಾಣುವಿನಲ್ಲಿ ಇದು ತಾನಾಗಿಯೇ ನಡೆಯುತ್ತದೆ. ಒಳಗಿನ ಹತ್ತು ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ಗೆ ಮರೆಯಾಗಿರುವುದರಿಂದ ಹೊರಗಿನದಕ್ಕೆ ಶುದ್ಧ 1/r ಸಿಗುವುದಿಲ್ಲ. ಆ ಮರೆಯೊಳಕ್ಕೆ ಹೆಚ್ಚು ನುಗ್ಗುವ 3s, 3p ಗಿಂತ ಸುಮಾರು 2.1 eV ಕೆಳಗಿಳಿಯುತ್ತದೆ. ಸೋಡಿಯಂ ದೀಪದ 589 ನ್ಯಾನೊಮೀಟರ್ ಹಳದಿ ಬೆಳಕು ಆ ಅಂತರದ್ದೇ.