ಆಧಾರ್‌ನಲ್ಲಿ ಬಿಜಾಪುರ, ಫಾರ್ಮ್‌ನಲ್ಲಿ ವಿಜಯಪುರ

ಪ್ರಶ್ನೆ: ನಮ್ಮೂರ ಕೆರೆ ತುಂಬಿಸಬೇಕು ಅನ್ನೋ ಫೇಸ್‌ಬುಕ್ ಪೋಸ್ಟ್ ಬೂಸ್ಟ್ ಮಾಡಿದರೆ ಗುರುತು ದೃಢೀಕರಿಸಿ ಅನ್ನುತ್ತದೆ. ನಾವು ಯಾವ ಪಕ್ಷದವರೂ ಅಲ್ಲ. ಆಧಾರ್ ಹಾಕಿದೆ, ವಿಳಾಸದ ಹತ್ತಿರ ನಿಂತಿದೆ. ಏನು ಮಾಡಲಿ? (ವಿಜಯಪುರ ಜಿಲ್ಲೆ)

ಪಕ್ಷದವರಿಗೆ ಮಾತ್ರ ಅಲ್ಲ. ನಮ್ಮ ದೇಶದಲ್ಲಿ 2021ರ ಕೊನೆಯಿಂದ ಪರಿಸರ, ಆರೋಗ್ಯ, ಶಿಕ್ಷಣ, ಆಡಳಿತ ಇಂಥ ವಿಷಯದ ಜಾಹೀರಾತಿಗೂ ಇದೇ ನಿಯಮ. ಕೆರೆ ತುಂಬಿಸಿ ಅಂತ ಸರ್ಕಾರಕ್ಕೆ ಒತ್ತಾಯ ಮಾಡಿದರೆ ಅದರೊಳಗೇ ಬಂತು.

ನಾನು ವಿಜಯಪುರದಲ್ಲಿ ಸಣ್ಣ ಡಿಸೈನ್ ಅಂಗಡಿ ಇಟ್ಟಿದ್ದೇನೆ. ಹಳ್ಳಿಯ ಒಂದು ಯುವಕ ಸಂಘದ ಪೇಜಿಗೆ ಇದೇ ಕೆಲಸ ಮಾಡಿಸಿದಾಗ ಎರಡು ಸಲ ಸಿಕ್ಕಿಬಿದ್ದೆವು. ಎರಡೂ ಸಲ ತಪ್ಪು ನಮ್ಮದೇ.

ಮೊದಲನೆಯದು ಹೆಸರಿನ ತಂಟೆ. ಸಂಘದ ಹುಡುಗನ ಆಧಾರ್ ಹಳೆಯದು, ಅದರಲ್ಲಿ Bijapur ಇತ್ತು. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಬದಲಾಗಿದೆ, ಅಲ್ವಾ? ನಾವು ಅಭಿಮಾನದಿಂದ ಫಾರ್ಮ್‌ನಲ್ಲಿ Vijayapura ಅಂತ ಹಾಕಿದೆವು. ಹೊಂದಿಕೆಯಾಗಲಿಲ್ಲ, ತಿರಸ್ಕಾರವಾಯಿತು. ಕಾರ್ಡಿನಲ್ಲಿ ಇದ್ದ ಹಾಗೆಯೇ ಅಕ್ಷರ ಅಕ್ಷರ ಟೈಪ್ ಮಾಡಿದ ಮೇಲೆ ಮುಂದೆ ಹೋಯಿತು. ಬೆಳಗಾವಿ ಕಡೆ Belgaum ಇದ್ದವರಿಗೂ ಇದೇ ಮಾತು.

ಎರಡನೆಯದು ಪಿನ್. ನಮಗೆ ವಿಳಾಸ ಖಾತ್ರಿಗೆ ಕೋಡ್ ಇದ್ದ ಕಾಗದ ಅಂಚೆಯಲ್ಲಿ ಬರಬೇಕಿತ್ತು. ಹುಡುಗ ರೂಢಿಬಿದ್ದಂತೆ 586101 ಹಾಕಿದ್ದ. ಅದು ನಗರದ ಪಿನ್. ಅವನ ಊರು ಇಪ್ಪತ್ತು ಕಿಲೋಮೀಟರ್ ದೂರ. ಕಾಗದ ಮೂರು ವಾರವಾದರೂ ಬರಲಿಲ್ಲ. ಪಿನ್ ಇರುವುದು ಅಂಚೆ ಕಚೇರಿಗೆ, ಊರಿಗಲ್ಲ. ಪಕ್ಕದ ಊರಿನ ಕಚೇರಿಯಿಂದ ನಿಮ್ಮೂರಿಗೆ ಟಪಾಲು ಬರುತ್ತಿದ್ದರೆ ನಿಮಗೂ ಆ ಕಚೇರಿಯ ಪಿನ್ನೇ. ನಗುವ ವಿಷಯ ಅಂದರೆ, ಅವನ ಆಧಾರ್‌ನಲ್ಲಿ ಸರಿಯಾದ ಪಿನ್ನೇ ಇತ್ತು! ಯಾರೂ ನೋಡಿರಲಿಲ್ಲ.

ಕಾಗದಕ್ಕೆ ಮತ್ತೆ ಅರ್ಜಿ ಹಾಕಿದಾಗ ತಂದೆಯ ಹೆಸರು, ಓಣಿ, ಅಂಚೆ, ತಾಲ್ಲೂಕು ಎಲ್ಲ ಕಾರ್ಡ್ ನೋಡಿ ಬರೆದೆವು. ಮನೆ ನಂಬರ್ ಇಲ್ಲದ ಓಣಿಯಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುತ್ತಾರೆ. ತಂದೆಯ ಹೆಸರು ಇಲ್ಲದಿದ್ದರೆ ಪೋಸ್ಟ್‌ಮನ್ ಏನು ಮಾಡಬೇಕು? ಅವರಿಗೆ ಮೊದಲೇ ಹೇಳಿಯೂ ಇಟ್ಟೆವು: ‘ಅಣ್ಣಾರ, ಇಂಗ್ಲಿಷಿನಾಗ ಒಂದು ಕವರ್ ಬರ್ತದ್ರಿ, ನಮಗ ಫೋನ್ ಹಚ್ರಿ.’ ಈ ಸಲ ಕೈಸೇರಿತು.

ನೀವೀಗ ಆಧಾರ್‌ನಲ್ಲಿರುವ ಮನೆ ಬಿಟ್ಟು ಬೇರೆ ಮನೆಯಲ್ಲಿದ್ದರೆ ಕಾರ್ಡ್ ನೋಡಿ ಬರೆಯುವ ಈ ಉಪಾಯ ನಡೆಯುವುದಿಲ್ಲ. ಮೊದಲು ಆಧಾರ್‌ನಲ್ಲಿ ವಿಳಾಸ ಬದಲಿಸಿ, ಆಮೇಲೆ ಅರ್ಜಿ ಹಾಕಿ.

ಇನ್ನೊಂದು. ಗುರುತಿಗೆ ಕೊಡುವ ವಿಳಾಸ ಬೇರೆ, ಜಾಹೀರಾತಿಗೆ ಹಣ ಕೊಟ್ಟವರು ಯಾರು ಅಂತ ತೋರಿಸಲು ಕೊಡುವ ವಿವರ ಬೇರೆ. ಎರಡನೆಯದು ಜಾಹೀರಾತು ಲೈಬ್ರರಿಯಲ್ಲಿ ಏಳು ವರ್ಷ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಮನೆಯ ವಿಳಾಸ, ಮನೆಯವರ ನಂಬರ್ ಸುಮ್ನೆ ಹಾಕಬೇಡಿ. ಸಂಘದ ಕಚೇರಿಯದು ಹಾಕಿ.